ಸೀರೆ ಅಂಗಡಿಗೆ ಸ್ಮಾರ್ಟ್ ಸ್ವಿಚ್: ಬ್ರೌಸರ್‌ನಿಂದ ಮೊದಲ ಸೆಟಪ್, ಜೊತೆಗೆ ಮೂರು ವಿಲ್ಯಾನ್

ಬೆಳಗಾವಿಯ ಶಹಾಪುರದ ಕಡೆ ಇರುವ ಒಂದು ಸೀರೆ ಅಂಗಡಿಯನ್ನು ಉದಾಹರಣೆಗೆ ತಗೊಳ್ಳೋಣ. ಗಲ್ಲಾದ ಪಕ್ಕ ಬಿಲ್ಲಿಂಗ್ ಕಂಪ್ಯೂಟರ್, ಅದರ ಬಗಲಿಗೆ ನೆಟ್‌ವರ್ಕ್ ಕೇಬಲ್ ಇರುವ ಬಿಲ್ ಪ್ರಿಂಟರ್. ಒಳಗಿನ ಕೋಣೆಯಲ್ಲಿ ಸ್ಟಾಕ್ ನೋಡುವ ಇನ್ನೊಂದು ಕಂಪ್ಯೂಟರ್. ಮಾಳಿಗೆಯ ಮೇಲೆ ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಎನ್‌ವಿಆರ್. ಸೀರೆ ಆರಿಸುವಾಗ ಮನೆಯವರಿಗೆ ಫೋಟೋ ಕಳಿಸಲಿ ಅಂತ ಗಿರಾಕಿಗಳಿಗೆ ವೈಫೈ. ಎಲ್ಲವೂ ಒಂದೇ ಸಾದಾ ಸ್ವಿಚ್‌ಗೆ ಸಿಕ್ಕಿಸಿವೆ.

ಹೀಗಿದ್ದರೆ ತೊಂದರೆ ಏನು? ಗಿರಾಕಿಯ ಮೊಬೈಲ್, ಬಿಲ್ಲಿಂಗ್ ಕಂಪ್ಯೂಟರ್, ಎನ್‌ವಿಆರ್ ಮೂರೂ ಒಂದೇ ಜಾಲದಲ್ಲಿವೆ. ವೈಫೈ ಪಾಸ್‌ವರ್ಡ್ ಸಿಕ್ಕವರು ಎನ್‌ವಿಆರ್‌ನ ಲಾಗಿನ್ ಪುಟ ತೆರೆಯಬಹುದು. ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ ಹಂಚಿಟ್ಟ ಫೋಲ್ಡರ್‌ಗೂ ಕೈ ಹಾಕಬಹುದು. ಬ್ರೌಸರ್‌ನಿಂದ ನಿಭಾಯಿಸುವ ಎಂಟು ಪೋರ್ಟಿನ ಸ್ಮಾರ್ಟ್ ಸ್ವಿಚ್ ಇದ್ದರೆ ಆ ಒಂದೇ ಡಬ್ಬಿಯನ್ನು ಮೂರು ಬೇರೆ ಬೇರೆ ಸ್ವಿಚ್‌ಗಳಂತೆ ನಡೆಸಬಹುದು. ವಿಲ್ಯಾನ್ ಅಂದರೆ ಇಷ್ಟೇ.

ಆದರೆ ಒಂದು ಮಾತು ಮೊದಲೇ ಗೊತ್ತಿರಲಿ. ಇಂಥ ಸ್ವಿಚ್ ಬೇರ್ಪಡಿಸುವ ಕೆಲಸ ಮಾತ್ರ ಮಾಡುತ್ತದೆ. ಮೂರೂ ಭಾಗಗಳಿಗೆ ಇಂಟರ್ನೆಟ್ ಕೊಡುವುದು, ಯಾರು ಯಾರ ಹತ್ತಿರ ಹೋಗಬಹುದು ಅಂತ ತೀರ್ಮಾನಿಸುವುದು ರೌಟರ್ ಕೆಲಸ. ಹಾಗಾಗಿ ವಿಲ್ಯಾನ್ ಗೊತ್ತಿರುವ ರೌಟರ್ ಬೇಕು. ಇಂಟರ್ನೆಟ್ ಕಂಪನಿಯವರು ಇಟ್ಟುಹೋದ ಫೈಬರ್ ಡಬ್ಬಿಯಲ್ಲಿ ಇದು ಸಾಮಾನ್ಯವಾಗಿ ನಮ್ಮ ಕೈಗೆ ಸಿಗುವುದಿಲ್ಲ. ಆ ಡಬ್ಬಿಯ ಹಿಂದೆ ನಮ್ಮದೊಂದು ರೌಟರ್ ಹಾಕಬೇಕು. ಬರೀ ಆ ಡಬ್ಬಿಯಲ್ಲೇ ಸುಧಾರಿಸಬೇಕು ಅನ್ನುವವರಿಗೂ ಒಂದು ದಾರಿ ಇದೆ, ಕೊನೆಯ ಹತ್ತಿರ ಹೇಳಿದ್ದೇನೆ.

ಮೊದಲು ಹಾಳೆಯ ಮೇಲೆ

ಸ್ವಿಚ್‌ಗೆ ಕರೆಂಟ್ ಕೊಡುವ ಮುಂಚೆ ಯಾವ ಪೋರ್ಟಿಗೆ ಯಾವ ಕೇಬಲ್ ಅಂತ ಬರೆದಿಡಿ. ನಮ್ಮ ಅಂಗಡಿಯದು ಹೀಗೆ. ಟ್ಯಾಗ್, ಅನ್‌ಟ್ಯಾಗ್, ಪಿವಿಐಡಿ ಅಂದರೆ ಏನು ಅಂತ ಮುಂದೆ ಬಿಡಿಸಿ ಹೇಳಿದ್ದೇನೆ:

| ಪೋರ್ಟ್ | ಏನು | ವಿಲ್ಯಾನ್ | ಪಿವಿಐಡಿ |
|---|---|---|---|
| 1 | ರೌಟರ್ | 1 ಅನ್‌ಟ್ಯಾಗ್. 10, 20, 30 ಟ್ಯಾಗ್ | 1 |
| 2 | ಬಿಲ್ಲಿಂಗ್ ಕಂಪ್ಯೂಟರ್ | 10 ಅನ್‌ಟ್ಯಾಗ್ | 10 |
| 3 | ಬಿಲ್ ಪ್ರಿಂಟರ್ | 10 ಅನ್‌ಟ್ಯಾಗ್ | 10 |
| 4 | ಎನ್‌ವಿಆರ್ | 20 ಅನ್‌ಟ್ಯಾಗ್ | 20 |
| 5 | ಒಳಕೋಣೆಯ ಕಂಪ್ಯೂಟರ್ | 10 ಅನ್‌ಟ್ಯಾಗ್ | 10 |
| 6 | ಗಿರಾಕಿಗಳ ವೈಫೈ | 30 ಅನ್‌ಟ್ಯಾಗ್ | 30 |
| 7 | ಖಾಲಿ, ಬಂದ್ | – | – |
| 8 | ಸೆಟ್ಟಿಂಗ್ ಮಾಡಲು ಮಾತ್ರ | 1 ಅನ್‌ಟ್ಯಾಗ್ | 1 |

ಎಂಟನೇ ಪೋರ್ಟನ್ನು ಯಾರಿಗೂ ಕೊಡಬೇಡಿ. ಸೆಟಪ್ ಮಾಡುವಾಗ ಲ್ಯಾಪ್‌ಟಾಪ್ ಅಲ್ಲೇ ಇರುತ್ತದೆ, ಮುಂದೆ ಏನಾದರೂ ಬದಲಿಸಬೇಕಾದರೂ ಅಲ್ಲೇ. ಬೇರೆ ಪೋರ್ಟ್‌ಗಳಲ್ಲಿ ಏನೇ ತಪ್ಪಾದರೂ ನೀವು ಸ್ವಿಚ್‌ನಿಂದ ಹೊರಗೆ ಬೀಳುವುದಿಲ್ಲ.

ವಿಳಾಸಗಳನ್ನು ವಿಲ್ಯಾನ್ ಸಂಖ್ಯೆಗೆ ಹೊಂದಿಸಿದರೆ ನೆನಪಿಡುವುದು ಸುಲಭ. ಬಿಲ್ಲಿಂಗ್‌ಗೆ `192.168.10.x`, ಕ್ಯಾಮೆರಾಕ್ಕೆ `192.168.20.x`, ಗಿರಾಕಿಗಳಿಗೆ `192.168.30.x`. ಸ್ವಿಚ್‌ನಲ್ಲಿ ಮೊದಲೇ ಇರುವ ವಿಲ್ಯಾನ್ 1ಕ್ಕೆ ಮಾತ್ರ `192.168.50.x` ಇಟ್ಟಿದ್ದೇನೆ. ಫೈಬರ್ ಡಬ್ಬಿಗಳು ಹೆಚ್ಚಾಗಿ `192.168.1.x` ಅನ್ನೇ ಬಳಸುತ್ತವೆ. ನಮ್ಮ ರೌಟರ್‌ನ ಒಳಗೂ ಹೊರಗೂ ಅದೇ ಸಾಲು ಬಂದರೆ ಇಂಟರ್ನೆಟ್ ನಿಂತುಹೋಗುತ್ತದೆ.

ಬ್ರೌಸರ್‌ನಲ್ಲಿ ಸ್ವಿಚ್ ತೆರೆಯುವುದು

ಸ್ವಿಚ್‌ಗೆ ಕರೆಂಟ್ ಕೊಡಿ. ಬರೀ ಲ್ಯಾಪ್‌ಟಾಪ್ ಕೇಬಲನ್ನು ಪೋರ್ಟ್ 8ಕ್ಕೆ ಸಿಕ್ಕಿಸಿ. ರೌಟರ್ ಈಗಲೇ ಬೇಡ. ಸ್ವಿಚ್‌ನ ವಿಳಾಸವೂ ರೌಟರ್‌ನ ವಿಳಾಸವೂ ಒಂದೇ ಆಗಿದ್ದರೆ ಯಾರ ಪುಟ ತೆರೆದುಕೊಂಡಿದೆ ಅಂತಲೇ ತಿಳಿಯುವುದಿಲ್ಲ. ಲ್ಯಾಪ್‌ಟಾಪ್‌ನ ವೈಫೈ ಕೂಡ ಆಫ್ ಮಾಡಿ.

ಸ್ವಿಚ್‌ನ ಮೊದಲ ವಿಳಾಸ ಅದರ ತಳದ ಚೀಟಿಯಲ್ಲೋ ಪುಟ್ಟ ಕೈಪಿಡಿಯಲ್ಲೋ ಇರುತ್ತದೆ. ಟಿಪಿ-ಲಿಂಕ್‌ನ ಈ ವರ್ಗದ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ `192.168.0.1`. ನೆಟ್‌ಗಿಯರ್‌ನ ಸಣ್ಣವುಗಳಲ್ಲಿ `192.168.0.239`. ಡಿ-ಲಿಂಕ್‌ನ ಡಿಜಿಎಸ್-1100 ಸಾಲಿನಲ್ಲಿ `10.90.90.90`. ಇಲ್ಲಿ `192.168.0.1` ಅಂತ ಹಿಡಿಯೋಣ.

ಲ್ಯಾಪ್‌ಟಾಪ್ ಅದೇ ಸಾಲಿನಲ್ಲಿ ಇರಬೇಕು. ವಿಂಡೋಸ್‌ನಲ್ಲಿ `Win + R` ಒತ್ತಿ `ncpa.cpl` ಬರೆಯಿರಿ. `Ethernet` ಮೇಲೆ ಬಲಕ್ಲಿಕ್ ಮಾಡಿ `Properties` ತೆರೆಯಿರಿ. `Internet Protocol Version 4` ಆರಿಸಿ ಮತ್ತೆ `Properties` ಒತ್ತಿ, ಹೀಗೆ ತುಂಬಿ:

```
IP address:   192.168.0.50
Subnet mask:  255.255.255.0
```

`Default gateway` ಖಾಲಿ ಇರಲಿ. ಆಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು ಕೇಳಿ ನೋಡಿ:

```
ping 192.168.0.1
```

ಉತ್ತರ ಬಂದರೆ ಬ್ರೌಸರ್‌ನಲ್ಲಿ `http://192.168.0.1` ಅಂತ ಪೂರ್ತಿ ಬರೆಯಿರಿ. `http://` ಬಿಟ್ಟರೆ ಕೆಲವು ಬ್ರೌಸರ್‌ಗಳು ತಾವಾಗಿಯೇ `https` ಹಚ್ಚುತ್ತವೆ, ಆಗ ಪುಟ ಬರದೇ ಹೋಗಬಹುದು. `Not secure` ಅಂತ ಕಾಣುತ್ತದೆ. ಲ್ಯಾಪ್‌ಟಾಪ್‌ಗೂ ಸ್ವಿಚ್‌ಗೂ ನಡುವೆ ಒಂದೇ ಕೇಬಲ್ ಇರುವಾಗ ಅದಕ್ಕೆ ಅಂಜಬೇಕಿಲ್ಲ.

ಒಳಗೆ ಹೋದ ಕೂಡಲೇ ಪಾಸ್‌ವರ್ಡ್ ಬದಲಿಸಿ. ಕಡಿಮೆ ಬೆಲೆಯ ಕೆಲವು ಸ್ವಿಚ್‌ಗಳ ಸೆಟ್ಟಿಂಗ್ ಪುಟ ಯಾವ ವಿಲ್ಯಾನ್‌ನಿಂದ ಕೇಳಿದರೂ ಉತ್ತರ ಕೊಡುತ್ತದೆ. ಗಿರಾಕಿ ವೈಫೈನಲ್ಲಿ ಕೂತವರು ತಮ್ಮ ವಿಳಾಸವನ್ನು ಕೈಯಾರೆ ಬದಲಿಸಿದರೆ ಆ ಪುಟದವರೆಗೆ ಬರಬಹುದು. ಅಲ್ಲಿ ತಡೆಯುವುದು ಪಾಸ್‌ವರ್ಡ್ ಒಂದೇ.

ಫರ್ಮ್‌ವೇರ್ ಹೊಸದು ಹಾಕುವುದಿದ್ದರೆ ಈಗಲೇ ಹಾಕಿ. ಕೆಲವೊಮ್ಮೆ ಅದರಿಂದ ಸೆಟ್ಟಿಂಗ್ ಅಳಿದುಹೋಗುತ್ತದೆ. ಡಬ್ಬಿಯ ಮೇಲಿನ ಮಾಡೆಲ್ ಹೆಸರಿನ ಜೊತೆ ಹಾರ್ಡ್‌ವೇರ್ ವರ್ಷನ್ ಕೂಡ ಹೊಂದಬೇಕು. ಸ್ವಿಚ್ ಯುಪಿಎಸ್ ಮೇಲಿರಲಿ, ನಡುವೆ ಕರೆಂಟ್ ಹೋದರೆ ಸ್ವಿಚ್ ಮತ್ತೆ ಏಳದೇ ಇರಬಹುದು.

ನಂತರ ಸ್ವಿಚ್‌ನ ವಿಳಾಸ ಬದಲಿಸಿ. `IP Setting` ಪುಟದಲ್ಲಿ ವಿಳಾಸವನ್ನು ತಾನಾಗಿಯೇ ಪಡೆಯುವ `DHCP` ಆಫ್ ಮಾಡಿ, ವಿಳಾಸ `192.168.50.2`, ಮಾಸ್ಕ್ `255.255.255.0`, ಗೇಟ್‌ವೇ `192.168.50.1` ಕೊಡಿ. `Apply` ಒತ್ತಿದ ಕೂಡಲೇ ಪುಟ ತಿರುಗುತ್ತಾ ನಿಲ್ಲುತ್ತದೆ. ಹಾಗೇ ಆಗಬೇಕು, ಏಕೆಂದರೆ ಸ್ವಿಚ್ ಆ ವಿಳಾಸ ಬಿಟ್ಟು ಹೋಗಿದೆ. ಲ್ಯಾಪ್‌ಟಾಪನ್ನು `192.168.50.50`ಕ್ಕೆ ಬದಲಿಸಿ, `http://192.168.50.2` ತೆರೆಯಿರಿ.

ವಿಲ್ಯಾನ್: ಈ ಕ್ರಮ ತಪ್ಪಬೇಡಿ

ಮೆನುವಿನಲ್ಲಿ `Port Based VLAN`, `802.1Q VLAN` ಅಂತ ಎರಡು ಮೂರು ಬಗೆ ಕಾಣಬಹುದು. ನಮಗೆ ಬೇಕಾದದ್ದು `802.1Q VLAN`. ಅದನ್ನು `Enable` ಮಾಡಿ. ಈಗ ಎಲ್ಲ ಪೋರ್ಟ್‌ಗಳೂ ವಿಲ್ಯಾನ್ 1ರಲ್ಲಿ ಅನ್‌ಟ್ಯಾಗ್ ಆಗಿರುತ್ತವೆ.

ಮುಂದೆ ಹೋಗುವ ಮೊದಲು ಎರಡು ವಿಷಯ ಸರಿಯಾಗಿ ಬಿಡಿಸಿಕೊಳ್ಳೋಣ. ತೊಂದರೆಗಳ ಬೇರು ಹೆಚ್ಚಾಗಿ ಇಲ್ಲೇ ಇರುತ್ತದೆ.

ಟ್ಯಾಗ್, ಅನ್‌ಟ್ಯಾಗ್ ಅನ್ನುವುದು ಸ್ವಿಚ್‌ನಿಂದ ಹೊರಗೆ ಹೋಗುವ ಡೇಟಾದ ಮಾತು. ಕಂಪ್ಯೂಟರ್, ಪ್ರಿಂಟರ್, ಎನ್‌ವಿಆರ್‌ಗೆ ವಿಲ್ಯಾನ್ ಗೊತ್ತಿಲ್ಲ, ಅವಕ್ಕೆ ಸಂಖ್ಯೆ ತೆಗೆದು ಕಳಿಸಬೇಕು. ಅದು ಅನ್‌ಟ್ಯಾಗ್. ರೌಟರ್‌ಗೆ ಒಂದೇ ಕೇಬಲ್‌ನಲ್ಲಿ ಎಲ್ಲವೂ ಹೋಗುವುದರಿಂದ ಯಾವುದು ಯಾರದ್ದು ಅಂತ ಸಂಖ್ಯೆ ಹಚ್ಚಿಯೇ ಕಳಿಸಬೇಕು. ಅದು ಟ್ಯಾಗ್.

ಪಿವಿಐಡಿ ಅನ್ನುವುದು ಒಳಗೆ ಬರುವ ಡೇಟಾದ ಮಾತು. ಸಂಖ್ಯೆ ಇಲ್ಲದೆ ಪೋರ್ಟ್ 4ಕ್ಕೆ ಬಂದದ್ದನ್ನು ಯಾವ ವಿಲ್ಯಾನ್‌ಗೆ ಹಾಕಬೇಕು? ಪಿವಿಐಡಿ 20 ಇದ್ದರೆ 20ಕ್ಕೆ. ಹೋಗುವುದು ಒಂದು ಪುಟದಲ್ಲಿ, ಬರುವುದು ಇನ್ನೊಂದು ಪುಟದಲ್ಲಿ. ಎರಡನ್ನೂ ತುಂಬಬೇಕು. ದೊಡ್ಡ ಸ್ವಿಚ್‌ಗಳಲ್ಲಿ ಒಂದು ಆರಿಸಿದರೆ ಇನ್ನೊಂದು ತಾನೇ ಬರುತ್ತದೆ, ಈ ಸಣ್ಣವುಗಳಲ್ಲಿ ಹೆಚ್ಚಾಗಿ ಬರುವುದಿಲ್ಲ.

ಈಗ ಕೆಲಸ. ಮೊದಲು ವಿಲ್ಯಾನ್‌ಗಳನ್ನು ಹುಟ್ಟಿಸಿ. `VLAN ID` 10, ಹೆಸರು `Billing`. ಪೋರ್ಟ್ 1 `Tagged`, 2, 3, 5 `Untagged`, ಉಳಿದವು `Not Member`. `Add` ಅಥವಾ `Apply` ಒತ್ತಿ. ಹಾಗೆಯೇ 20, ಹೆಸರು `CCTV`: ಪೋರ್ಟ್ 1 ಟ್ಯಾಗ್, 4 ಅನ್‌ಟ್ಯಾಗ್. ಆಮೇಲೆ 30, ಹೆಸರು `Guest`: ಪೋರ್ಟ್ 1 ಟ್ಯಾಗ್, 6 ಅನ್‌ಟ್ಯಾಗ್.

ಎರಡನೆಯದು `802.1Q PVID` ಪುಟ. 2, 3, 5ಕ್ಕೆ 10; 4ಕ್ಕೆ 20; 6ಕ್ಕೆ 30. ಪೋರ್ಟ್ 1 ಮತ್ತು 8 ಹಾಗೇ 1ರಲ್ಲಿ ಇರಲಿ. ಲ್ಯಾಪ್‌ಟಾಪ್ 8ರಲ್ಲಿದೆ, ಅದನ್ನು ಮುಟ್ಟಿದರೆ ಪುಟ ಕೈತಪ್ಪುತ್ತದೆ.

ಮೂರನೆಯದು ತುಂಬಾ ಜನ ಬಿಟ್ಟುಬಿಡುವ ಹೆಜ್ಜೆ. ವಿಲ್ಯಾನ್ 1ಕ್ಕೆ ವಾಪಸ್ ಹೋಗಿ ಪೋರ್ಟ್ 2ರಿಂದ 6ರವರೆಗೆ `Not Member` ಮಾಡಿ. ಬಿಟ್ಟರೆ ವಿಲ್ಯಾನ್ 1ರ ಪ್ರಸಾರ ಡೇಟಾ ಗಿರಾಕಿ ವೈಫೈಗೂ ಎನ್‌ವಿಆರ್‌ಗೂ ಹರಿಯುತ್ತಲೇ ಇರುತ್ತದೆ. ಪಿವಿಐಡಿ ಬದಲಿಸುವ ಮೊದಲೇ ಈ ಹೆಜ್ಜೆ ಮಾಡಲು ಹೋದರೆ ಕೆಲವು ಸ್ವಿಚ್‌ಗಳು ಒಪ್ಪುವುದೇ ಇಲ್ಲ. ಅದಕ್ಕೇ ಈ ಕ್ರಮ.

ಕೊನೆಗೆ `Port Setting`ನಲ್ಲಿ ಪೋರ್ಟ್ 7 `Disable` ಮಾಡಿ. `Loop Prevention` ಇದ್ದರೆ ಆನ್ ಮಾಡಿ. ಅಂಗಡಿ ಗುಡಿಸುವಾಗ ಬಿದ್ದ ಕೇಬಲಿನ ಎರಡೂ ತುದಿಯನ್ನು ಯಾರಾದರೂ ಒಂದೇ ಸ್ವಿಚ್‌ಗೆ ಸಿಕ್ಕಿಸಿದರೆ ಇಡೀ ಜಾಲ ನಿಲ್ಲುತ್ತದೆ, ಇದು ಅದನ್ನು ತಡೆಯುತ್ತದೆ.

ರೌಟರ್ ಕಡೆಯ ಪಾಲು

ರೌಟರ್‌ನ ಯಾವ ಪೋರ್ಟ್ ಸ್ವಿಚ್‌ಗೆ ಬರುತ್ತದೋ ಅದರ ಮೇಲೆ 10, 20, 30 ಎಂಬ ಮೂರು ವಿಲ್ಯಾನ್ ಇಂಟರ್‌ಫೇಸ್ ಬೇಕು. ಪ್ರತಿಯೊಂದಕ್ಕೂ ಒಂದು ವಿಳಾಸ (`192.168.10.1`, `192.168.20.1`, `192.168.30.1`), ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಒಂದೊಂದು ಡಿಎಚ್‌ಸಿಪಿ. ಟ್ಯಾಗ್ ಇಲ್ಲದೆ ಬರುವ ಮೂಲ ಜಾಲಕ್ಕೆ `192.168.50.1`.

ಇಷ್ಟು ಮಾಡಿದರೆ ಮೂರೂ ಕಡೆ ಇಂಟರ್ನೆಟ್ ಬರುತ್ತದೆ. ಆದರೆ ಬೇರ್ಪಟ್ಟಿದೆ ಅಂತ ಅಂದುಕೊಳ್ಳಬೇಡಿ. ಬಹಳಷ್ಟು ರೌಟರ್‌ಗಳು ಒಳಗಿನ ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೆ ಹೋಗಲು ತಾವಾಗಿಯೇ ಬಿಡುತ್ತವೆ. ಸ್ವಿಚ್ ಕತ್ತರಿಸಿದ್ದನ್ನು ರೌಟರ್ ಮತ್ತೆ ಹೊಲಿದಂತೆ. ಫೈರ್‌ವಾಲ್ ನಿಯಮ ಬರೆಯಲೇಬೇಕು.

ಇಲ್ಲಿ ಸಾಹುಕಾರರ ಒಂದು ಮಾತು ಬಂದೇ ಬರುತ್ತದೆ: "ಗಲ್ಲಾದ ಮ್ಯಾಲ ಕುಂತಲ್ಲೇ ಕ್ಯಾಮೆರಾ ಕಾಣಬೇಕ್ರೀ ಮತ್ತ." ನ್ಯಾಯವಾದ ಬೇಡಿಕೆ. ಅದಕ್ಕೆ ಗೋಡೆ ಒಡೆಯಬೇಕಿಲ್ಲ, ಒಂದೇ ದಿಕ್ಕಿಗೆ ಬಾಗಿಲು ಬಿಟ್ಟರೆ ಸಾಕು. 10ರಿಂದ 20ಕ್ಕೆ ಹೋಗಲು ಅನುಮತಿ. 20ರಿಂದ 10ಕ್ಕೆ, ವಿಲ್ಯಾನ್ 1ಕ್ಕೆ ತಡೆ. 30ರಿಂದ 10, 20, ವಿಲ್ಯಾನ್ 1 ಮೂರಕ್ಕೂ ತಡೆ. ಹೋದ ಕೇಳಿಕೆಗೆ ಬರುವ ಉತ್ತರವನ್ನು ಬಿಡುವ ನಿಯಮ ಎಲ್ಲಕ್ಕಿಂತ ಮೇಲಿರಲಿ, ಆಗ ಬಿಲ್ಲಿಂಗ್ ಕಂಪ್ಯೂಟರ್ ಕೇಳಿದ ಚಿತ್ರವನ್ನು ಎನ್‌ವಿಆರ್ ಕೊಡಬಲ್ಲದು. ತಾನಾಗಿ ಬಿಲ್ಲಿಂಗ್ ಕಡೆ ಬರಲಾರದು. ಮೊಬೈಲ್ ಆಪ್‌ನಲ್ಲಿ ಮನೆಯಿಂದ ಕ್ಯಾಮೆರಾ ನೋಡುವವರು 20ರಿಂದ ಇಂಟರ್ನೆಟ್‌ಗೆ ಹೋಗುವುದನ್ನು ತಡೆಯಬಾರದು.

ಕೇಬಲ್ ಬದಲಿಸುವುದು

ಇದನ್ನು ಅಂಗಡಿ ಬಾಗಿಲು ಹಾಕಿದ ಮೇಲೆ ಮಾಡಿ. ಕಂಪ್ಯೂಟರ್‌ಗಳು ಸುಮ್ನೆ ಹೊಸ ವಿಳಾಸ ತಗೊಳ್ಳುತ್ತವೆ. ಪ್ರಿಂಟರ್ ಮತ್ತು ಎನ್‌ವಿಆರ್ ಹಾಗಲ್ಲ, ಅವಕ್ಕೆ ಯಾರೋ ಹಿಂದೆ ಕೈಯಾರೆ ವಿಳಾಸ ಕೊಟ್ಟಿರುತ್ತಾರೆ. ಹಳೆಯ ಜಾಲದಲ್ಲಿ ಇರುವಾಗಲೇ ಪ್ರಿಂಟರ್‌ಗೆ ವಿಳಾಸ `192.168.10.20`, ಗೇಟ್‌ವೇ `192.168.10.1`, ಎನ್‌ವಿಆರ್‌ಗೆ ವಿಳಾಸ `192.168.20.20`, ಗೇಟ್‌ವೇ `192.168.20.1` ಕೊಟ್ಟು, ಆಮೇಲೆ ಕೇಬಲ್ ಕೀಳಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲೋ ವಿಂಡೋಸ್‌ನ ಪ್ರಿಂಟರ್ ಪೋರ್ಟ್‌ನಲ್ಲೋ ಹಳೆಯ ವಿಳಾಸ ಇದ್ದರೆ ಅಲ್ಲೂ ಬದಲಿಸಬೇಕು. ವಿಲ್ಯಾನ್ ಹಾಕಿದ ಮೇಲೆ ಬಿಲ್ ಬರುತ್ತಿಲ್ಲ ಅನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ.

ಪರೀಕ್ಷೆ: ವಿಳಾಸವೇ ಕಥೆ ಹೇಳುತ್ತದೆ

ಲ್ಯಾಪ್‌ಟಾಪನ್ನು ಮತ್ತೆ `Obtain an IP address automatically`ಗೆ ತಂದು, ಒಂದೊಂದೇ ಪೋರ್ಟಿಗೆ ಹಚ್ಚಿ `ipconfig` ಕೊಡಿ. ಪೋರ್ಟ್ 2ರಲ್ಲಿ `192.168.10.x`, 4ರಲ್ಲಿ `192.168.20.x`, 6ರಲ್ಲಿ `192.168.30.x` ಬರಬೇಕು. ಪೋರ್ಟ್ ಬದಲಿಸಿದಾಗ ಹಳೆಯದೇ ತೋರಿಸಿದರೆ:

```
ipconfig /release
ipconfig /renew
```

ಪೋರ್ಟ್ 2ರಲ್ಲಿ `192.168.50.x` ಬಂದರೆ? ಪಿವಿಐಡಿ ಇನ್ನೂ 1 ಇದೆ, ವಿಲ್ಯಾನ್ 1ರಿಂದಲೂ ಪೋರ್ಟ್ ತೆಗೆದಿಲ್ಲ. `169.254` ಇಂದ ಶುರುವಾಗುವ ವಿಳಾಸ ಬಂದರೆ ಡಿಎಚ್‌ಸಿಪಿಯಿಂದ ಉತ್ತರವೇ ಬಂದಿಲ್ಲ. ಒಂದೇ ಪೋರ್ಟಿನಲ್ಲಿ ಹೀಗಾದರೆ ಅದರ ಪಿವಿಐಡಿ ನೋಡಿ. ಪಿವಿಐಡಿ 1 ಉಳಿದು ಪೋರ್ಟ್ ಮಾತ್ರ ವಿಲ್ಯಾನ್ 1ರಿಂದ ಹೊರಗೆ ಬಂದಿದ್ದರೆ, ಕಂಪ್ಯೂಟರ್‌ನ ಕೇಳಿಕೆ ವಿಲ್ಯಾನ್ 1ಕ್ಕೆ ಹೋಗುತ್ತದೆ, ರೌಟರ್ ಉತ್ತರವನ್ನೂ ಕೊಡುತ್ತದೆ, ಆದರೆ ಆ ಉತ್ತರಕ್ಕೆ ಈ ಪೋರ್ಟಿನಿಂದ ಹೊರಬರುವ ದಾರಿ ಇಲ್ಲ. ಒಂದು ವಿಲ್ಯಾನ್‌ನ ಎಲ್ಲ ಪೋರ್ಟಿನಲ್ಲೂ `169.254` ಬಂದರೆ, ಪೋರ್ಟ್ 1ರಲ್ಲಿ ಆ ವಿಲ್ಯಾನ್ ಟ್ಯಾಗ್ ಆಗಿಲ್ಲ, ಇಲ್ಲವೇ ರೌಟರ್‌ನಲ್ಲಿ ಅದರ ಇಂಟರ್‌ಫೇಸ್ ಅಥವಾ ಡಿಎಚ್‌ಸಿಪಿ ಇಲ್ಲ.

ಈಗ ತಡೆ ಕೆಲಸ ಮಾಡುತ್ತಿದೆಯಾ ನೋಡಿ. ಲ್ಯಾಪ್‌ಟಾಪ್ ಪೋರ್ಟ್ 6ರಲ್ಲಿ ಇರುವಾಗ:

```
ping 192.168.10.20
```

ಉತ್ತರ ಬರಬಾರದು. ಅದೇ ಪಿಂಗ್ ಪೋರ್ಟ್ 2ರಿಂದ ಕೊಟ್ಟರೆ ಬರಬೇಕು. ಪರೀಕ್ಷೆಗೆ ಪ್ರಿಂಟರನ್ನೇ ಆರಿಸಿದ್ದಕ್ಕೆ ಕಾರಣ ಇದೆ. ವಿಂಡೋಸ್ ಕಂಪ್ಯೂಟರ್ ತನ್ನ ಫೈರ್‌ವಾಲ್‌ನಿಂದ ಪಿಂಗ್ ತಡೆಯುವುದು ಸಾಮಾನ್ಯ, ಹಾಗಾಗಿ ಅದು ಉತ್ತರಿಸದೇ ಇದ್ದರೆ ತಡೆದದ್ದು ನಮ್ಮ ನಿಯಮ ಅಂತ ಹೇಳಲು ಬರುವುದಿಲ್ಲ. ಇನ್ನು `192.168.10.1`ಕ್ಕೆ ಗಿರಾಕಿ ಕಡೆಯಿಂದ ಪಿಂಗ್ ಕೊಟ್ಟರೆ ಉತ್ತರ ಬರಬಹುದು. ಅದು ರೌಟರ್‌ನ ಸ್ವಂತ ವಿಳಾಸ, ಅದನ್ನು ತಡೆಯುವ ನಿಯಮ ಬಹಳಷ್ಟು ರೌಟರ್‌ಗಳಲ್ಲಿ ಬೇರೆ ಕಡೆ ಇರುತ್ತದೆ. ಗಿರಾಕಿ ವೈಫೈನಿಂದ ರೌಟರ್‌ನ ಲಾಗಿನ್ ಪುಟ ತೆರೆಯದ ಹಾಗೆ ಅಲ್ಲೂ ಒಂದು ನಿಯಮ ಹಾಕಿ.

ಉಳಿಸುವುದು

`Apply` ಒತ್ತಿದರೆ ಬದಲಾವಣೆ ನಡೆಯಲು ಶುರುವಾಗುತ್ತದೆ, ಅಷ್ಟೇ. ಅನೇಕ ಸ್ವಿಚ್‌ಗಳಲ್ಲಿ `Save Config` ಅಂತ ಬೇರೆಯೇ ಒಂದು ಗುಂಡಿ ಇದೆ. ಅದನ್ನು ಒತ್ತದಿದ್ದರೆ ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ವಿಲ್ಯಾನ್ ಎಲ್ಲ ಮಾಯ. ಬೇಸಿಗೆಯ ಮಧ್ಯಾಹ್ನ, ಗಿರಾಕಿ ತುಂಬಿರುವಾಗ ಇದು ಗೊತ್ತಾಗುವುದು ಬೇಡ. ನೀವಾಗಿಯೇ ಪ್ಲಗ್ ಕಿತ್ತು ಮತ್ತೆ ಹಾಕಿ, ಪೋರ್ಟ್ 2 ಮತ್ತು 6ರಲ್ಲಿ `ipconfig` ಇನ್ನೊಮ್ಮೆ ನೋಡಿ. ಆಮೇಲೆ `Backup` ಪುಟದಿಂದ ಸೆಟ್ಟಿಂಗ್ ಫೈಲ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಡಿ. ಪೋರ್ಟ್ ಪಟ್ಟಿಯ ಹಾಳೆಯನ್ನು ಸ್ವಿಚ್ ಪಕ್ಕ ಅಂಟಿಸಿ. ಪಾಸ್‌ವರ್ಡ್ ಅದರಲ್ಲಿ ಬೇಡ.

ಪಾಸ್‌ವರ್ಡ್ ಮರೆತರೆ ಡಬ್ಬಿಯ `Reset` ತೂತಿನಲ್ಲಿ ಸೂಜಿ ಒತ್ತಿ ಹಿಡಿಯಬೇಕು. ಎಲ್ಲ ಅಳಿಯುತ್ತದೆ, ಆಗ ಆ ಬ್ಯಾಕಪ್ ಫೈಲ್ ಬೇಕು.

ಬರೀ ಫೈಬರ್ ಡಬ್ಬಿ ಇದ್ದರೆ

ರೌಟರ್ ಕೊಳ್ಳಲು ಈಗ ಆಗುವುದಿಲ್ಲ ಅನ್ನುವವರು ಟ್ಯಾಗ್ ಇಲ್ಲದೆಯೂ ಸ್ವಲ್ಪ ಮಟ್ಟಿಗೆ ಬೇರ್ಪಡಿಸಬಹುದು. ಫೈಬರ್ ಡಬ್ಬಿ ಪೋರ್ಟ್ 1ರಲ್ಲಿ. ವಿಲ್ಯಾನ್ 10, 20, 30ರಲ್ಲಿ ಪೋರ್ಟ್ 1 ಕೂಡ ಅನ್‌ಟ್ಯಾಗ್. ಉಳಿದ ಪೋರ್ಟ್‌ಗಳ ಪಿವಿಐಡಿ ಮೇಲಿನ ಹಾಗೆಯೇ. ಆದರೆ ವಿಲ್ಯಾನ್ 1ರಿಂದ ಯಾರನ್ನೂ ತೆಗೆಯಬಾರದು, ಏಕೆಂದರೆ ಡಬ್ಬಿಯಿಂದ ಬರುವ ಉತ್ತರ ಪಿವಿಐಡಿ 1ರ ಮೂಲಕ ಎಲ್ಲರಿಗೂ ತಲುಪಬೇಕು. ಒಂದೇ ಪೋರ್ಟ್ ಹಲವು ವಿಲ್ಯಾನ್‌ನಲ್ಲಿ ಅನ್‌ಟ್ಯಾಗ್ ಆಗಲು ಸ್ವಿಚ್ ಬಿಡಬೇಕು, ಎಲ್ಲವೂ ಬಿಡುವುದಿಲ್ಲ.

ಆಗ ಎಲ್ಲರಿಗೂ ವಿಳಾಸ ಒಂದೇ ಸಾಲಿನದು, ಆದರೆ ಗಿರಾಕಿ ವೈಫೈ ನೇರವಾಗಿ ಬಿಲ್ಲಿಂಗ್ ಕಂಪ್ಯೂಟರ್ ಮುಟ್ಟಲಾರದು. ಗಲ್ಲಾದಿಂದ ಕ್ಯಾಮೆರಾ ನೋಡಬೇಕೆಂದರೆ ಎನ್‌ವಿಆರ್ ಅನ್ನು 10ರಲ್ಲೇ ಇಡಬೇಕಾಗುತ್ತದೆ. ಒಂದೇ ದಿಕ್ಕಿನ ಬಾಗಿಲು ಇಲ್ಲಿ ಸಿಗುವುದಿಲ್ಲ. ಫೈಬರ್ ಡಬ್ಬಿಯ ಸ್ವಂತ ವೈಫೈ ಪೋರ್ಟ್ 1ರ ಆ ಕಡೆ ಇರುವುದರಿಂದ ಅಲ್ಲಿ ಕೂತವರಿಗೆ ಎಲ್ಲವೂ ಕಾಣುತ್ತದೆ. ಆ ಪಾಸ್‌ವರ್ಡ್ ಗಿರಾಕಿಗಳಿಗೆ ಕೊಡಬೇಡಿ, ಅವರಿಗೆ ಪೋರ್ಟ್ 6ರ ವೈಫೈ ಮಾತ್ರ.

ಮುಂದೆ ಪೋರ್ಟ್ 7 ಬೇಕಾದಾಗ

ಹಬ್ಬದ ಸಮಯಕ್ಕೆ ಎರಡನೇ ಬಿಲ್ಲಿಂಗ್ ಕೌಂಟರ್ ಹಾಕಿದಿರಿ ಅನ್ನಿ. ಲ್ಯಾಪ್‌ಟಾಪನ್ನು ಪೋರ್ಟ್ 8ಕ್ಕೆ ಹಚ್ಚಿ, `192.168.50.2` ತೆರೆಯಿರಿ. ವಿಲ್ಯಾನ್ 10ರಲ್ಲಿ ಪೋರ್ಟ್ 7 ಅನ್‌ಟ್ಯಾಗ್, ಪಿವಿಐಡಿ 10, ವಿಲ್ಯಾನ್ 1ರಿಂದ ಹೊರಗೆ, ಕೊನೆಗೆ ಪೋರ್ಟ್ `Enable`. `Save Config` ಒತ್ತಿ, ಹೊಸ ಕಂಪ್ಯೂಟರ್‌ನಲ್ಲಿ `192.168.10.x` ಬಂದಿದೆಯಾ ನೋಡಿ, ಪ್ರಿಂಟರ್‌ನಿಂದ ಒಂದು ಬಿಲ್ ತೆಗೆಯಿರಿ. ಗೋಡೆಯ ಹಾಳೆಯಲ್ಲೂ ಏಳನೇ ಸಾಲು ತಿದ್ದಿ.